ಗೇಮಿಂಗ್ ಪಿಸಿಗೆ ಎನ್‌ವಿಎಂಇ ಬೇಕಾ, ಸಾಟಾ ಸಾಕಾ? ಪದೇ ಪದೇ ಕೇಳೋ ಪ್ರಶ್ನೆಗಳು

ಪಿಸಿ ಕಟ್ಟೋರು ಗ್ರಾಫಿಕ್ಸ್ ಕಾರ್ಡ್ ವಿಷಯ ಬಿಟ್ರೆ ನನ್ನತ್ರ ಜಾಸ್ತಿ ಕೇಳೋದು ಇದನ್ನೇ, ಗೇಮ್ ಇಡೋ ಎಸ್‌ಎಸ್‌ಡಿ ಈ ಎರಡರಲ್ಲಿ ಯಾವ ಥರದ್ದು ತಗೊಳ್ಳೋದು ಅಂತ. ಎಸ್‌ಎಸ್‌ಡಿ ಅಂದ್ರೆ ಹಾರ್ಡ್ ಡಿಸ್ಕ್ ಥರ ತಿರುಗೋ ತಟ್ಟೆ ಇಲ್ದೆ ಚಿಪ್ಪಲ್ಲೇ ಡೇಟಾ ಇಡೋ ಡ್ರೈವ್. ಮೆಸೇಜಲ್ಲಿ, ಕಾಮೆಂಟಲ್ಲಿ, ಮದುವೆ ಮನೇಲಿ ಊಟಕ್ಕೆ ಕೂತಾಗ್ಲೂ ಕೇಳಿದಾರೆ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಇಟ್ಟಿದೀನಿ. ರೇಟು ಮಾತ್ರ ಎಲ್ಲೂ ಬರ್ದಿಲ್ಲ, ಯಾಕಂದ್ರೆ ಎಸ್‌ಎಸ್‌ಡಿ ರೇಟು ತಿಂಗಳಿಗೊಂದು ಥರ ಇರತ್ತೆ, ಇವತ್ತು ಬರ್ದಿದ್ದು ನೀವು ಓದೋ ಹೊತ್ತಿಗೆ ಸುಳ್ಳಾಗಿರತ್ತೆ.

## ಮೊದಲು ಬೇಸಿಕ್

ಅಣ್ಣ ಎನ್‌ವಿಎಂಇ, ಸಾಟಾ, ಎಂ.2 ಮೂರೂ ಬೇರೆ ಬೇರೆನಾ? ಅಂಗಡಿಯವನು ಎಲ್ಲಾ ಒಂದೇ ಅಂದ

ಒಂದೇ ಅಲ್ಲ. ಎಂ.2 ಅನ್ನೋದು ಬರೀ ಆಕಾರ, ಚೂಯಿಂಗ್ ಗಮ್ ಪಟ್ಟಿ ಥರ ಉದ್ದಕ್ಕೆ ಇರತ್ತಲ್ಲ ಅದು. ಮೇಲೆ 2280 ಅಂತ ಬರ್ದಿದ್ರೆ 22 ಮಿಮೀ ಅಗಲ 80 ಮಿಮೀ ಉದ್ದ ಅಂತ ಅರ್ಥ. ಸಾಟಾ ಮತ್ತೆ ಎನ್‌ವಿಎಂಇ ಅನ್ನೋದು ಆ ಡ್ರೈವ್ ಕಂಪ್ಯೂಟರ್ ಜೊತೆ ಮಾತಾಡೋ ರೀತಿ. ಸಾಟಾ ಹಾರ್ಡ್ ಡಿಸ್ಕ್ ಕಾಲದ್ದು, ಸೆಕೆಂಡಿಗೆ 550 ಎಂಬಿ ಹತ್ರ ಹೋಗಿ ನಿಂತುಬಿಡತ್ತೆ, ಅದಕ್ಕಿಂತ ಮೇಲೆ ಯಾವ ಕಂಪನಿ ಏನ್ ಮಾಡಿದ್ರೂ ಹೋಗಲ್ಲ. ಎನ್‌ವಿಎಂಇ ಗ್ರಾಫಿಕ್ಸ್ ಕಾರ್ಡ್ ಬಳಸೋ ಪಿಸಿಐಇ ದಾರೀಲೇ ಹೋಗತ್ತೆ, ಹಾಗಾಗಿ 3500, 7000, ಈಗ 14000 ವರೆಗೂ ಬಂದಿದೆ.

ತಲೆನೋವು ಏನಂದ್ರೆ ಎಂ.2 ಆಕಾರದಲ್ಲಿ ಸಾಟಾ ಡ್ರೈವ್‌ಗಳೂ ಬರ್ತವೆ. ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಕನೆಕ್ಟರ್ ಕಡೆ ಎರಡು ಕಟ್ ಇದ್ರೆ ಸಾಮಾನ್ಯವಾಗಿ ಸಾಟಾ, ಒಂದೇ ಕಟ್ ಇದ್ರೆ ಎನ್‌ವಿಎಂಇ, ಆದ್ರೆ ಇದನ್ನೇ ನಂಬ್ಕೊಂಡು ದುಡ್ಡು ಕೊಡ್ಬೇಡಿ, ಬಾಕ್ಸ್ ಮೇಲೆ ಎನ್‌ವಿಎಂಇ ಅಂತ ಬರ್ದಿದ್ಯಾ ನೋಡಿ.

ಎನ್‌ವಿಎಂಇ ಹಾಕಿದ್ರೆ ಎಫ್‌ಪಿಎಸ್ ಎಷ್ಟು ಜಾಸ್ತಿ ಆಗತ್ತೆ?

ಆಗಲ್ಲ. ಎಫ್‌ಪಿಎಸ್ ಬರೋದು ಗ್ರಾಫಿಕ್ಸ್ ಕಾರ್ಡ್ ಮತ್ತೆ ಸಿಪಿಯುಯಿಂದ. ಈ ಡ್ರೈವಿಗೋಸ್ಕರ ಗ್ರಾಫಿಕ್ಸ್ ಕಾರ್ಡ್ ಒಂದು ಮೆಟ್ಟಿಲು ಕೆಳಗೆ ಇಳಿಸೋ ಪ್ಲಾನ್ ಇದ್ರೆ ಇಲ್ಲೇ ನಿಲ್ಲಿಸಿ.

ಹಾರ್ಡ್ ಡಿಸ್ಕಲ್ಲೇ ಎಲ್ಲಾ ಗೇಮ್ ಓಡ್ತಿದೆ, ಸುಮ್ನೆ ಯಾಕೆ ಚೇಂಜ್ ಮಾಡ್ಲಿ?

ಇಲ್ಲಿ ಮಾತ್ರ ನಿಜವಾದ ವ್ಯತ್ಯಾಸ ಇದೆ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗ್ಬೇಕು, ಅದರ ಮೇಲೆ ಮುಳ್ಳು ಸರಿಯಾದ ಜಾಗಕ್ಕೆ ಹೋಗಿ ಕೂರ್ಬೇಕು, ಪ್ರತಿ ಸಲ ಸುಮಾರು 10 ಮಿಲಿಸೆಕೆಂಡ್ ಅದಕ್ಕೇ ಹೋಗತ್ತೆ. ಒಂದೇ ದೊಡ್ಡ ಸಿನಿಮಾ ಫೈಲ್ ಓದೋದಾದ್ರೆ ಪರವಾಗಿಲ್ಲ, ಗೇಮ್ ಹಾಗೆ ಓದಲ್ಲ, ಇಲ್ಲೊಂದು ಟೆಕ್ಸ್ಚರ್ ಅಲ್ಲೊಂದು ಸೌಂಡ್ ಅಂತ ಸಾವಿರಾರು ಚಿಕ್ಕ ಚಿಕ್ಕ ತುಂಡು ಕೇಳತ್ತೆ. ಆ ಥರ ಓದುವಾಗ ಹಾರ್ಡ್ ಡಿಸ್ಕ್ ಸೆಕೆಂಡಿಗೆ 1 ಎಂಬಿ ಕೂಡ ಕೊಡೋದು ಕಷ್ಟ, ಅಗ್ಗದ ಸಾಟಾ ಎಸ್‌ಎಸ್‌ಡಿನೂ 30 ಎಂಬಿ ಮೇಲೆ ಕೊಡತ್ತೆ.

ಓಪನ್ ವರ್ಲ್ಡ್ ಗೇಮಲ್ಲಿ ಗಾಡಿ ಜೋರಾಗಿ ಓಡಿಸ್ದಾಗ ರಸ್ತೆ ಮಸುಕಾಗಿ ಕಾಣೋದು, ಕಟ್ಟಡ ತಡವಾಗಿ ಹುಟ್ಟೋದು, ಒಂದು ಕ್ಷಣ ಸ್ಕ್ರೀನ್ ನಿಂತು ಮುಂದೆ ಹೋಗೋದು, ಇದೆಲ್ಲಾ ಹೆಚ್ಚಾಗಿ ಅದರಿಂದಲೇ. ಈಗ ಗೇಮ್ ಕಂಪನಿಗಳೇ ಹಾರ್ಡ್ ಡಿಸ್ಕ್ ಕೈಬಿಡ್ತಿದಾರೆ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್, ಬಾಲ್ಡರ್ಸ್ ಗೇಟ್ 3 ಎರಡೂ ಎಸ್‌ಎಸ್‌ಡಿ ಬೇಕು ಅಂತಾನೇ ಹೇಳಿದ್ವು, ಸೈಬರ್‌ಪಂಕ್ 2077 ಕೂಡ ಅದೇ ವರ್ಷ ಮಿನಿಮಂನಲ್ಲೇ ಎಸ್‌ಎಸ್‌ಡಿ ಸೇರಿಸ್ತು. ಗಮನಿಸಿ, ಎಸ್‌ಎಸ್‌ಡಿ ಅಂದಿದಾರೆ, ಎನ್‌ವಿಎಂಇನೇ ಆಗ್ಬೇಕು ಅಂದಿಲ್ಲ.

## ಸ್ಪೀಡ್ ಲೆಕ್ಕ

ಬಾಕ್ಸ್ ಮೇಲೆ 7000 ಇದೆ, ಸಾಟಾ ಬರೀ 550, ಅಂದ್ರೆ ಗೇಮ್ 12 ಪಟ್ಟು ಬೇಗ ಲೋಡ್ ಆಗ್ಬೇಕಲ್ವಾ?

ಒಂದು ಲೆಕ್ಕ ಹಾಕೋಣ. ಒಂದು ಲೆವೆಲ್ ಲೋಡ್ ಆಗೋಕೆ ಡ್ರೈವಿಂದ 4 ಜಿಬಿ ಓದ್ಬೇಕು ಅಂದ್ಕೊಳ್ಳಿ, ಇದೇ ಜಾಸ್ತಿ ಆಯ್ತು. ಸಾಟಾ ಸೆಕೆಂಡಿಗೆ 500 ಎಂಬಿ ಕೊಟ್ರೆ 8 ಸೆಕೆಂಡ್. 3500ದ ಎನ್‌ವಿಎಂಇ ಆದ್ರೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. 7000ದ್ದು ಆದ್ರೆ ಅರ್ಧ ಸೆಕೆಂಡ್ ಚಿಲ್ಲರೆ. ಅಂದ್ರೆ ಸಾಟಾಯಿಂದ 3500ಕ್ಕೆ ಹೋದ್ರೆ ಹೆಚ್ಚೂಕಮ್ಮಿ 7 ಸೆಕೆಂಡ್ ಉಳಿತು, ಅಲ್ಲಿಂದ ಡಬಲ್ ಸ್ಪೀಡಿಗೆ ಹೋದ್ರೆ ಉಳಿದಿದ್ದು ಬರೀ ಅರ್ಧ ಸೆಕೆಂಡ್. ಇದು ಮೊದಲನೇ ವಿಷಯ, ನಂಬರ್ ದೊಡ್ಡದಾಗ್ತಾ ಹೋದ ಹಾಗೆ ಉಳಿಯೋ ಟೈಮ್ ಸಣ್ಣದಾಗ್ತಾ ಹೋಗತ್ತೆ.

ಈಗ ಆ 7 ಸೆಕೆಂಡ್ ಕೂಡ ಪೂರ್ತಿ ಕೈಗೆ ಸಿಗಲ್ಲ. ಗೇಮ್ ಫೈಲ್ ಎಲ್ಲಾ ಅದುಮಿ ಇಟ್ಟಿರ್ತಾರೆ, ಸಿಪಿಯು ಅದನ್ನ ಬಿಚ್ಚಿ, ಜೋಡಿಸಿ, ಗ್ರಾಫಿಕ್ಸ್ ಕಾರ್ಡಿಗೆ ಕಳಿಸ್ಬೇಕು. ಈ ಕೆಲ್ಸಕ್ಕೆ 12 ಸೆಕೆಂಡ್ ಬೇಕು ಅನ್ಕೊಳ್ಳಿ. ಡ್ರೈವ್ ಪೂರ್ತಿ ಓದಿ ಮುಗಿಸೋವರ್ಗೂ ಸಿಪಿಯು ಕಾಯ್ತಾ ಕೂರಲ್ಲ, ಅದು ಓದ್ತಾ ಇರೋ ಹಾಗೇ ಇದು ಬಿಚ್ಚುತ್ತಾ ಇರತ್ತೆ. ಹಾಗಾಗಿ ಸಾಟಾದ 8 ಸೆಕೆಂಡ್ ಆ 12ರ ಒಳಗೇ ಮುಚ್ಚಿಹೋಗತ್ತೆ. ನಿಜದಲ್ಲಿ ಎರಡು ಕೆಲ್ಸ ಅಷ್ಟು ಚೆನ್ನಾಗಿ ಒಂದರ ಮೇಲೊಂದು ಕೂರಲ್ಲ, ಅದಕ್ಕೇ ಹೆಚ್ಚಿನ ಗೇಮಲ್ಲಿ ಸಾಟಾಗೂ ಎನ್‌ವಿಎಂಇಗೂ ಒಂದು, ಎರಡು, ಹೆಚ್ಚಂದ್ರೆ ಮೂರು ಸೆಕೆಂಡ್ ವ್ಯತ್ಯಾಸ ಕಾಣತ್ತೆ.

ಇನ್ನೊಂದು, ಬಾಕ್ಸ್ ಮೇಲಿನ 7000 ಅನ್ನೋದು ಒಂದೇ ದೊಡ್ಡ ಫೈಲ್ ಸಾಲಾಗಿ ಓದಿದಾಗಿನ ನಂಬರ್. ಚಿಕ್ಕ ತುಂಡುಗಳನ್ನ ಒಂದೊಂದಾಗಿ ಓದ್ಸಿ ನೋಡಿ, ಸಾಟಾ 30 ರಿಂದ 40, ಎನ್‌ವಿಎಂಇ 50 ರಿಂದ 80, ಅಷ್ಟೇ. 12 ಪಟ್ಟು ಇದ್ದಿದ್ದು ಎರಡು ಪಟ್ಟಿಗೆ ಇಳೀತು.

ಸಿಪಿಯು ಅಷ್ಟೊಂದು ಟೈಮ್ ತಿನ್ನತ್ತೆ ಅಂದ್ರೆ ನಂಬೋಕಾಗ್ತಿಲ್ಲ, ಯಾವ್ದಾದ್ರೂ ಪ್ರೂಫ್ ಇದ್ಯಾ?

ಜಿಟಿಎ ಆನ್‌ಲೈನ್ ಇದೆಯಲ್ಲ. ವರ್ಷಗಟ್ಟಲೆ ಜನ ಅದರ ಲೋಡಿಂಗ್‌ಗೆ ಬೈಕೊಂಡು ಬಂದ್ರು, ಎಸ್‌ಎಸ್‌ಡಿ ಹಾಕಿದ್ರು, ಆದ್ರೂ ಬಗೆಹರೀಲಿಲ್ಲ. 2021ರಲ್ಲಿ ಒಬ್ಬ ಡೆವಲಪರ್ ಕೂತು ಒಳಗೆ ಏನ್ ನಡೀತಿದೆ ಅಂತ ಬಗೆದು ನೋಡಿದ. ಗೇಮಿನ ಅಂಗಡೀಲಿ ಸಿಗೋ ಐಟಂಗಳ ಪಟ್ಟಿ, ಸುಮಾರು 63,000 ಸಾಲಿಂದು, ಒಟ್ಟು 10 ಎಂಬಿ ಜೇಸನ್ ಫೈಲ್. ಅದನ್ನ ಓದೋ ಕೋಡ್ ಪ್ರತಿ ಸಲ ಒಂದು ತುಂಡು ತೆಗೆಯೋಕೆ ಉಳಿದ ಪೂರ್ತಿ ಫೈಲ್ ಉದ್ದ ಎಷ್ಟು ಅಂತ ಮತ್ತೆ ಮತ್ತೆ ಎಣಿಸ್ತಾ ಇತ್ತು, ಮೇಲಿಂದ ಪ್ರತಿ ಐಟಂ ಸೇರಿಸೋವಾಗ್ಲೂ ಈ ಐಟಂ ಮೊದಲೇ ಇದ್ಯಾ ಅಂತ ಪಟ್ಟಿ ಪೂರ್ತಿ ಹುಡುಕ್ತಿತ್ತು. ಸಿಪಿಯುದ ಒಂದೇ ಕೋರ್ ನಿಮಿಷಗಟ್ಟಲೆ ಇದರಲ್ಲೇ ಒದ್ದಾಡ್ತಿತ್ತು.

ಅವನ ಹತ್ರ ಇದ್ದಿದ್ದು ಹಳೇ ಎಎಂಡಿ ಎಫ್‌ಎಕ್ಸ್ ಸಿಪಿಯು, ಅಗ್ಗದ ಸಾಟಾ ಎಸ್‌ಎಸ್‌ಡಿ. ಈ ಎರಡು ಜಾಗ ಸರಿ ಮಾಡಿದ್ದಕ್ಕೆ 6 ನಿಮಿಷದ ಲೋಡಿಂಗ್ 1 ನಿಮಿಷ 50 ಸೆಕೆಂಡಿಗೆ ಬಂತು, ಡ್ರೈವ್ ಮುಟ್ಟಲೇ ಇಲ್ಲ. ರಾಕ್‌ಸ್ಟಾರ್ ಅದನ್ನ ಒಪ್ಪಿ ಮುಂದಿನ ತಿಂಗಳೇ ಅಪ್‌ಡೇಟ್ ಕೊಟ್ಟು ಅವನಿಗೆ 10,000 ಡಾಲರ್ ಬಹುಮಾನನೂ ಕೊಡ್ತು. ಆ ಅಪ್‌ಡೇಟಿಗೆ ಮುಂಚೆ ಅದೇ ಪಿಸಿಗೆ ಜಗತ್ತಿನ ಅತೀ ಫಾಸ್ಟ್ ಎನ್‌ವಿಎಂಇ ಹಾಕಿದ್ರೂ 6 ನಿಮಿಷ ಕಾಯೋದು ತಪ್ತಿರ್ಲಿಲ್ಲ.

ನನ್ ಪಿಸಿಲಿ ಡ್ರೈವ್ ಸ್ಲೋನಾ ಸಿಪಿಯು ಸ್ಲೋನಾ ಹೆಂಗ್ ಕಂಡುಹಿಡಿಯೋದು?

ಗೇಮನ್ನ ಬಾರ್ಡರ್‌ಲೆಸ್ ವಿಂಡೋದಲ್ಲಿ ಹಾಕಿ, ಟಾಸ್ಕ್ ಮ್ಯಾನೇಜರ್ ಪಕ್ಕದಲ್ಲಿ ತೆಗೆದಿಡಿ, ಎರಡನೇ ಮಾನಿಟರ್ ಇದ್ರೆ ಇನ್ನೂ ಸುಲಭ. ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ ಲೋಡಿಂಗ್ ಟೈಮಲ್ಲಿ ಆಕ್ಟಿವ್ ಟೈಮ್ ನೋಡ್ತಾ ಇರಿ. ಅದು 100ಕ್ಕೆ ಹೋಗಿ ಅಲ್ಲೇ ಕೂತ್ರೆ ಡ್ರೈವ್ ಏದುಸಿರು ಬಿಡ್ತಿದೆ ಅಂತ, ಹಾರ್ಡ್ ಡಿಸ್ಕ್ ಇದ್ದೋರಿಗೆ ಹೀಗೇ ಕಾಣತ್ತೆ. ಅದೇ 10, 20 ಹತ್ರ ಆಡ್ತಿದ್ದು ಮಧ್ಯೆ ಮಧ್ಯೆ ಮಾತ್ರ ಮೇಲೆ ಹಾರಿದ್ರೆ ಡ್ರೈವ್ ಆರಾಮಾಗಿ ಕೂತಿದೆ, ಬೇರೆ ಯಾರ್ಗೋ ಕಾಯ್ತಿದೆ.

ಆಮೇಲೆ ಸಿಪಿಯು ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಒಂದೊಂದು ಕೋರ್ ಬೇರೆ ಬೇರೆ ಕಾಣೋ ಹಾಗೆ ಮಾಡ್ಕೊಳ್ಳಿ. ಒಟ್ಟು 25 ಪರ್ಸೆಂಟ್ ಅಂತ ತೋರ್ಸಿದ್ರೂ ಒಂದೋ ಎರಡೋ ಕೋರ್ ತುದಿಗೆ ತಾಗಿದ್ರೆ ಕಾರಣ ಅಲ್ಲೇ ಇದೆ. ಗೇಮ್ ಮೊದಲ್ನೇ ಸಲ ಓಪನ್ ಮಾಡ್ದಾಗ ಶೇಡರ್ ಕಂಪೈಲಿಂಗ್ ಅಂತ ಬರತ್ತಲ್ಲ, ಅದೂ ಸಿಪಿಯು ಕೆಲ್ಸವೇ, ಅದು ನಿಧಾನ ಅಂತ ಹೊಸ ಡ್ರೈವ್ ತಗೊಂಡೋರು ಇದಾರೆ.

## ಕೊಳ್ಳೋಕೆ ಹೋದಾಗ

ಅದೆಲ್ಲಾ ಇರ್ಲಿ, ಕೊನೆಗೆ ಯಾವ್ದು ತಗೊಳ್ಳಿ ಹೇಳಿ

ಮದರ್‌ಬೋರ್ಡಲ್ಲಿ ಎನ್‌ವಿಎಂಇ ಹಿಡಿಯೋ ಸ್ಲಾಟ್ ಖಾಲಿ ಇದ್ದು, ಒಂದೇ ಸೈಜಿನ ಸಾಟಾಗೂ ಸಾಧಾರಣ ಎನ್‌ವಿಎಂಇಗೂ ರೇಟಲ್ಲಿ ಅಂತರ ಕಮ್ಮಿ ಇದ್ರೆ ಎನ್‌ವಿಎಂಇ. ಸ್ಪೀಡಿಗಲ್ಲ, ಕೇಬಲ್ ರಗಳೆ ಇಲ್ಲ ಮತ್ತೆ ಮುಂದೆ ಪಿಸಿ ಬದಲಾದ್ರೂ ಅದನ್ನ ಕಿತ್ಕೊಂಡು ಹೋಗ್ಬಹುದು ಅಂತ. ಸ್ಲಾಟ್ ಇಲ್ಲ ಅಂದ್ರೆ ಕಣ್ಣು ಮುಚ್ಕೊಂಡು ಸಾಟಾ, ಇದಕ್ಕೋಸ್ಕರ ಬೋರ್ಡ್ ಬದಲಾಯಿಸೋಕೆ ಹೋಗ್ಬೇಡಿ. ಸಾಟಾ ತಗೊಂಡ್ರೆ ಡೇಟಾ ಕೇಬಲ್ ಎಸ್‌ಎಸ್‌ಡಿ ಬಾಕ್ಸಲ್ಲಿ ಸಾಮಾನ್ಯವಾಗಿ ಇರಲ್ಲ, ಮದರ್‌ಬೋರ್ಡ್ ಬಾಕ್ಸಲ್ಲಿ ಹುಡುಕಿ.

500 ಜಿಬಿ ಎನ್‌ವಿಎಂಇಗೂ 1 ಟಿಬಿ ಸಾಟಾಗೂ ಹತ್ತಿರ ಹತ್ತಿರ ರೇಟು ಬರ್ತಿದೆ, ಯಾವ್ದು?

1 ಟಿಬಿ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳತ್ತೆ. 500 ಜಿಬಿ ಅಂತ ಬರ್ದಿದ್ದು ವಿಂಡೋಸಲ್ಲಿ 465 ಅಂತ ಕಾಣತ್ತೆ, ಅದ್ರಲ್ಲಿ ವಿಂಡೋಸಿಗೆ ಜಾಗ ಹೋಗಿ, ಸ್ವಲ್ಪ ಖಾಲಿ ಬಿಟ್ಟು ಉಳಿದಿದ್ರಲ್ಲಿ ದೊಡ್ಡ ಗೇಮ್ ಎರಡೋ ಮೂರೋ ಅಷ್ಟೇ. ಜಾಗ ಇಲ್ಲ ಅಂತ ಡಿಲೀಟ್ ಮಾಡಿದ ಗೇಮನ್ನ ಆಮೇಲೆ ಮತ್ತೆ ಡೌನ್‌ಲೋಡ್ ಮಾಡೋಕೆ 100 ಎಂಬಿಪಿಎಸ್ ನೆಟ್ಟಲ್ಲಿ ಸೆಕೆಂಡಿಗೆ 12 ಎಂಬಿ ಬರೋದು, 100 ಜಿಬಿಗೆ ಎರಡು ಗಂಟೆ ಮೇಲೆ ಆಯ್ತು. ಲೋಡಿಂಗಲ್ಲಿ ಎರಡೆರಡು ಸೆಕೆಂಡ್ ಉಳಿಸಿ ಎಷ್ಟು ದಿನಕ್ಕೆ ಆ ಎರಡು ಗಂಟೆ ವಾಪಸ್ ಬರತ್ತೆ ನೀವೇ ನೋಡಿ.

ನನ್ ಮದರ್‌ಬೋರ್ಡ್ ಹಿಡಿಯತ್ತಾ ಅಂತ ಎಲ್ಲಿ ನೋಡೋದು?

ಬೋರ್ಡಿನ ಹೆಸರು ಗೊತ್ತಿಲ್ಲ ಅಂದ್ರೆ ರನ್ ಬಾಕ್ಸಲ್ಲಿ `msinfo32` ಹೊಡೀರಿ, ಬೇಸ್‌ಬೋರ್ಡ್ ಅಂತ ಬರತ್ತೆ. ಆ ಹೆಸರಿಟ್ಟು ಕಂಪನಿ ಸೈಟಿಂದ ಮ್ಯಾನ್ಯುಯಲ್ ತೆಗೆದು ಎಂ.2 ಇರೋ ಪುಟ ಮಾತ್ರ ಓದಿ, ಸ್ಲಾಟ್ ಸಾಟಾ ಹಿಡಿಯತ್ತಾ ಪಿಸಿಐಇ ಹಿಡಿಯತ್ತಾ ಎರಡೂ ಹಿಡಿಯತ್ತಾ ಅಂತ ಬರ್ದಿರ್ತಾರೆ. ಬರೀ ಸಾಟಾ ಹಿಡಿಯೋ ಸ್ಲಾಟಿಗೆ ಎನ್‌ವಿಎಂಇ ಹಾಕಿದ್ರೂ, ಬರೀ ಪಿಸಿಐಇ ಹಿಡಿಯೋ ಸ್ಲಾಟಿಗೆ ಸಾಟಾ ಹಾಕಿದ್ರೂ ಡ್ರೈವ್ ಕಾಣೋದೇ ಇಲ್ಲ.

ಇಂಟೆಲ್ 10ನೇ ಜನರೇಶನ್ ಸಿಪಿಯುನ ಬಿ560 ಥರದ 500 ಸೀರೀಸ್ ಬೋರ್ಡಿಗೆ ಹಾಕಿರೋರು ಇದನ್ನ ನೋಡ್ಲೇಬೇಕು. ಅಲ್ಲಿ ಮೇಲಿನ ಎಂ.2 ಸ್ಲಾಟ್ ನೇರ ಸಿಪಿಯುಗೆ ಹೋಗತ್ತೆ, 11ನೇ ಜನರೇಶನ್ ಇದ್ರೆ ಮಾತ್ರ ಕೆಲ್ಸ ಮಾಡತ್ತೆ. ಡ್ರೈವ್ ಹೋಗಿದೆ ಅಂತ ವಾಪಸ್ ಕೊಡೋಕೆ ಮುಂಚೆ ಕೆಳಗಿನ ಸ್ಲಾಟಿಗೆ ಹಾಕಿ ನೋಡಿ.

ಜೆನ್ 3, ಜೆನ್ 4, ಜೆನ್ 5 ಯಾವ್ದು?

ಜೆನ್ ಅಂದ್ರೆ ಪಿಸಿಐಇ ದಾರಿಯ ಜನರೇಶನ್, ಮೇಲೆ ಹೇಳಿದ 3500 ಜೆನ್ 3ದು, 7000 ಜೆನ್ 4ದು, 14000 ಜೆನ್ 5ದು. ಹಳೇ ಬೋರ್ಡಿಗೆ ಹೊಸ ಜೆನ್ ಹಾಕ್ಬಹುದು, ಬೋರ್ಡಿನ ಸ್ಪೀಡಲ್ಲಿ ಓಡತ್ತೆ. ಜೆನ್ 4 ಡ್ರೈವ್ ಬಿ450 ಬೋರ್ಡ್ ಮೇಲೆ 3500 ಹತ್ರ ಬಂದು ನಿಲ್ಲತ್ತೆ. ಬಿ550 ಬೋರ್ಡ್ ಇದ್ರೂ ಸಿಪಿಯು 5600ಜಿ ಆದ್ರೆ ಅದೂ ಜೆನ್ 3ಗೇ ಸೀಮಿತ. ಅಂಗಡೀಲಿ ಯಾವ್ದು ಕಮ್ಮಿಗೆ ಸಿಗತ್ತೋ ಅದು ತಗೊಳ್ಳಿ, ಈಗೀಗ ಜೆನ್ 4ದೇ ಜಾಸ್ತಿ ಸಿಗೋದು. ಗೇಮ್ ಆಡೋಕೆ ಜೆನ್ 5 ದುಡ್ಡು ದಂಡ.

ಪಿಎಸ್5 ಬೇರೆ ಕಥೆ. ಅದಕ್ಕೆ ಜೆನ್ 4 ಎನ್‌ವಿಎಂಇನೇ ಆಗ್ಬೇಕು, 5500 ಅಥವಾ ಮೇಲೆ ಇರ್ಲಿ ಅಂತ ಸೋನಿ ಹೇಳತ್ತೆ.

ಡಿರಾಮ್ ಇಲ್ದೇ ಇರೋದು ಮುಟ್ಬೇಡ, ಕ್ಯೂಎಲ್‌ಸಿ ಮುಟ್ಬೇಡ ಅಂತಾರೆ, ನಿಜಾನಾ?

ಅರ್ಧ ನಿಜ. ಯಾವ ಡೇಟಾ ಎಲ್ಲಿದೆ ಅನ್ನೋ ಮ್ಯಾಪ್ ಇಟ್ಕೊಳ್ಳೋಕೆ ಡ್ರೈವ್ ಒಳಗೆ ಡಿರಾಮ್ ಚಿಪ್ ಇರತ್ತೆ. ಅದು ಇಲ್ಲದ ಎನ್‌ವಿಎಂಇ ನಿಮ್ಮ ಪಿಸಿ ರಾಮಿಂದಲೇ ಕೆಲವು ಎಂಬಿ ಸಾಲ ತಗೊಂಡು ಕೆಲ್ಸ ನಡೆಸತ್ತೆ, ಗೇಮಲ್ಲಿ ಗೊತ್ತೇ ಆಗಲ್ಲ. ಸಾಟಾಗೆ ಆ ಸಾಲ ಮಾಡೋ ದಾರಿ ಇಲ್ಲ, ಹಾಗಾಗಿ ಡಿರಾಮ್ ಇಲ್ಲದ ಅಗ್ಗದ ಸಾಟಾ ತುಂಬ್ತಾ ಬಂದ ಹಾಗೆ, ಒಂದೇ ಸಮ ಬರೀತಾ ಇರುವಾಗ ತಡವರಿಸತ್ತೆ. ನನ್ನ ಕೇಳಿದ್ರೆ ಸಾಟಾ ಆದ್ರೆ ಡಿರಾಮ್ ಇರೋದು, ಎನ್‌ವಿಎಂಇ ಆದ್ರೆ ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ.

ಕ್ಯೂಎಲ್‌ಸಿ ಅಂದ್ರೆ ಒಂದೊಂದು ಸೆಲ್ಲಲ್ಲಿ ನಾಲ್ಕು ಬಿಟ್ ತುರುಕಿರೋದು, ಟಿಎಲ್‌ಸಿಲಿ ಮೂರು. ಓದೋಕೆ ಎರಡೂ ಪರವಾಗಿಲ್ಲ, ಬರೆಯೋವಾಗ ವ್ಯತ್ಯಾಸ. ಮೊದಮೊದಲು ಡ್ರೈವ್ ಒಳಗಿನ ಕ್ಯಾಶ್ ಅನ್ನೋ ಫಾಸ್ಟ್ ಜಾಗ ಖಾಲಿ ಇರೋವರ್ಗೂ ಜೋರಾಗಿ ಬರೆಯತ್ತೆ, ಅದು ತುಂಬಿದ ಮೇಲೆ ಕೆಲವು ಕ್ಯೂಎಲ್‌ಸಿ ಡ್ರೈವ್ ಸೆಕೆಂಡಿಗೆ 100 ಎಂಬಿಗೆ ಬಿದ್ದುಬಿಡತ್ತೆ, ಹಾರ್ಡ್ ಡಿಸ್ಕಿಗಿಂತ ಕಮ್ಮಿ. 150 ಜಿಬಿ ಗೇಮ್ ಇನ್ನೊಂದು ಡ್ರೈವಿಂದ ಕಾಪಿ ಮಾಡ್ದಾಗ ಗ್ರಾಫ್ ಧೊಪ್ ಅಂತ ಕೆಳಗೆ ಬಿತ್ತಾ, ಇದೇ. ಸ್ಟೀಮಲ್ಲಿ ಸಣ್ಣ ಅಪ್‌ಡೇಟ್ ಬಂದಾಗ್ಲೂ ದೊಡ್ಡ ಫೈಲನ್ನ ಓದಿ ಮತ್ತೆ ಹೊಸದಾಗಿ ಬರೀಬೇಕಾಗತ್ತೆ, ಡೌನ್‌ಲೋಡ್ ಮುಗಿದ್ರೂ ಪ್ಯಾಚಿಂಗ್ ಅಂತ ಕೂತಿರೋದು ಅದಕ್ಕೇ. ರೇಟಲ್ಲಿ ತುಂಬಾ ಉಳಿತಾಯ ಇಲ್ಲ ಅಂದ್ರೆ ಟಿಎಲ್‌ಸಿ ತಗೊಳ್ಳಿ.

ಆನ್‌ಲೈನಲ್ಲಿ ಹೆಸರೇ ಕೇಳಿಲ್ಲದ ಕಂಪನಿ 4 ಟಿಬಿ ಎಸ್‌ಎಸ್‌ಡಿ ಚಿಲ್ಲರೆ ಕಾಸಿಗೆ ಕೊಡ್ತಿದಾನೆ

ಒಳಗೆ 64 ಜಿಬಿ ಮೆಮೊರಿ ಕಾರ್ಡ್ ಇರತ್ತೆ, ಸೈಜ್ ಮಾತ್ರ 4 ಟಿಬಿ ಅಂತ ಸುಳ್ಳು ಹೇಳೋ ಹಾಗೆ ತಿದ್ದಿರ್ತಾರೆ. 64 ತುಂಬಿದ ಮೇಲೆ ಹಾಕಿದ್ದೆಲ್ಲಾ ಹಳೇದರ ಮೇಲೆ ಬೀಳತ್ತೆ ಅಥವಾ ಗಾಳಿಗೆ ಹೋಗತ್ತೆ. ಎಲ್ಲಿ ತಗೊಂಡ್ರೂ, ಎಸ್‌ಪಿ ರೋಡಲ್ಲೇ ಆಗ್ಲಿ, ವಾರಂಟಿಗೆ ಸರಿಯಾದ ಬಿಲ್ ಇಸ್ಕೊಳ್ಳಿ. ಮನೇಲಿ CrystalDiskInfo ಹಾಕಿ ಪವರ್ ಆನ್ ಅವರ್ಸ್ ನೋಡಿ, ಹೊಸಾದು ಅಂತ ಕೊಟ್ಟಿದ್ರಲ್ಲಿ ಸಾವಿರಗಟ್ಟಲೆ ಗಂಟೆ ಕಂಡ್ರೆ ಅದು ಯಾರೋ ಬಳಸಿ ಬಿಟ್ಟಿದ್ದು. ಸೈಜ್ ಮೇಲೆ ಅನುಮಾನ ಇದ್ರೆ H2testw ಓಡಿಸಿ, ಪೂರ್ತಿ ಬರೆದು ಪೂರ್ತಿ ಓದಿ ಹೇಳತ್ತೆ.

## ಹಾಕಿದ ಮೇಲೆ

ಎಂ.2 ಹಾಕಿದ ತಕ್ಷಣ ಹಳೇ ಹಾರ್ಡ್ ಡಿಸ್ಕ್ ಮಾಯ ಆಯ್ತು, ಸುಟ್ಟೋಯ್ತಾ?

ಸುಟ್ಟಿರಲ್ಲ. ತುಂಬಾ ಬೋರ್ಡಲ್ಲಿ ಎಂ.2 ಸ್ಲಾಟೂ ಒಂದೆರಡು ಸಾಟಾ ಪೋರ್ಟೂ ಒಂದೇ ದಾರಿ ಹಂಚಿಕೊಂಡಿರ್ತವೆ, ಎಂ.2 ತುಂಬಿದ್ರೆ ಆ ಪೋರ್ಟ್ ಬಂದ್. ಯಾವ ಪೋರ್ಟ್ ಅಂತ ಮ್ಯಾನ್ಯುಯಲಲ್ಲಿ ಚಿಕ್ಕ ಅಕ್ಷರದಲ್ಲಿ ಬರ್ದಿರ್ತಾರೆ. ಹಾರ್ಡ್ ಡಿಸ್ಕ್ ಕೇಬಲ್ ಕಿತ್ತು ಬೇರೆ ಪೋರ್ಟಿಗೆ ಹಾಕಿ.

ಹೊಸ ಡ್ರೈವ್ ಬಯೋಸಲ್ಲಿ ಇದೆ, ದಿಸ್ ಪಿಸಿಲಿ ಇಲ್ಲ

ಹೊಸ ಡ್ರೈವ್ ಖಾಲಿ ಬರತ್ತೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಓಪನ್ ಮಾಡಿ, ಜಿಪಿಟಿ ಅಂತ ಆರಿಸಿ ಇನಿಶಿಯಲೈಸ್ ಮಾಡಿ, ಆಮೇಲೆ ವಾಲ್ಯೂಮ್ ಮಾಡಿದ್ರೆ ಅಕ್ಷರ ಬರತ್ತೆ. ಅದು ನಿಜವಾಗ್ಲೂ ಎನ್‌ವಿಎಂಇನಾ ಅಂತ ನೋಡೋಕೆ ಪವರ್‌ಶೆಲ್ಲಲ್ಲಿ ಇದನ್ನ ಹಾಕಿ:

```
Get-PhysicalDisk | Select FriendlyName, MediaType, BusType
```

ಕೊನೇ ಕಾಲಂನಲ್ಲಿ NVMe ಅಥವಾ SATA ಅಂತ ನೇರವಾಗಿ ಹೇಳತ್ತೆ.

ಬಿಸಿ ಆಗತ್ತಂತೆ, ಹೀಟ್‌ಸಿಂಕ್ ಬೇಕಾ?

ಬೋರ್ಡ್ ಜೊತೆ ಬಂದಿದ್ರೆ ಹಾಕಿ, ಅದರ ಪ್ಯಾಡ್ ಮೇಲಿನ ಪ್ಲಾಸ್ಟಿಕ್ ಹಾಳೆ ಮೊದ್ಲು ಕೀಳಿ, ಅದನ್ನ ಬಿಟ್ಟು ಹಾಕಿರೋ ಪಿಸಿಗಳನ್ನ ಇವತ್ತಿಗೂ ನೋಡ್ತೀನಿ. ಡ್ರೈವ್ ಮೇಲಿನ ಸ್ಟಿಕ್ಕರ್ ಕೀಳ್ಬೇಡಿ, ವಾರಂಟಿ ಹೋಗತ್ತೆ. ಗೇಮ್ ಆಡುವಾಗ ಡ್ರೈವ್ ಹೆಚ್ಚು ಹೊತ್ತು ಸುಮ್ನೇ ಇರತ್ತೆ, ಜೆನ್ 3ಗೆ ಬೇರೆ ಹೀಟ್‌ಸಿಂಕ್ ಕೊಳ್ಳೋ ಅಗತ್ಯ ಇಲ್ಲ.

## ಇನ್ನೂ ಸ್ವಲ್ಪ ಒಳಕ್ಕೆ

ಡೈರೆಕ್ಟ್‌ಸ್ಟೋರೇಜ್ ಬಂದ್ಮೇಲೆ ಸಾಟಾ ಸತ್ತೋಗತ್ತೆ ಅಂತಾರಲ್ಲ?

ಡೈರೆಕ್ಟ್‌ಸ್ಟೋರೇಜ್ ಅಂದ್ರೆ ಮೈಕ್ರೋಸಾಫ್ಟ್ ಮಾಡಿರೋ ಹೊಸ ದಾರಿ. ಸಾವಿರಾರು ಚಿಕ್ಕ ಓದುಗಳನ್ನ ಒಟ್ಟಿಗೆ ಕೇಳೋಕೆ ಬಿಡತ್ತೆ, 2022ರ ಕೊನೇಲಿ ಬಂದ 1.1ರಿಂದ ಬಿಚ್ಚೋ ಕೆಲ್ಸನೂ ಸಿಪಿಯು ಬದ್ಲು ಗ್ರಾಫಿಕ್ಸ್ ಕಾರ್ಡಿಗೆ ಕೊಡ್ಬಹುದು. ಮೇಲೆ ಹೇಳಿದ ಆ 12 ಸೆಕೆಂಡ್ ಇದ್ಯಲ್ಲ, ಅದನ್ನೇ ಒಡೆಯೋ ಪ್ರಯತ್ನ. ಅದು ಒಡೆದ್ರೆ ಆಮೇಲೆ ಡ್ರೈವ್ ಸ್ಪೀಡ್ ನಿಜವಾಗ್ಲೂ ಲೆಕ್ಕಕ್ಕೆ ಬರತ್ತೆ, ಹಾಗಾಗಿ ಹೇಳೋರ ಮಾತು ಪೂರ್ತಿ ಸುಳ್ಳಲ್ಲ.

ಆದ್ರೆ 2023 ಜನವರಿಲಿ ಬಂದ ಮೊದಲ್ನೇ ಪಿಸಿ ಗೇಮ್ ಫೋರ್ಸ್‌ಪೋಕನ್ ನೋಡಿ. ಅದನ್ನ ಮಾಡಿದೋರೇ ಮೊದ್ಲು ತೋರಿಸಿದ ಡೆಮೋದಲ್ಲಿ ಹಾರ್ಡ್ ಡಿಸ್ಕಿಗೆ 20 ಸೆಕೆಂಡ್ ಮೇಲೆ, ಸಾಟಾ ಎಸ್‌ಎಸ್‌ಡಿಗೆ 4 ಸೆಕೆಂಡ್ ಹತ್ರ, ಎನ್‌ವಿಎಂಇಗೆ 2 ಸೆಕೆಂಡ್ ಹತ್ರ. ಎರಡು ಪಟ್ಟು ಅಂತ ಹೇಳ್ಕೋಬಹುದು, ಕೂತು ಆಡೋನಿಗೆ ಅದು ಎರಡು ಸೆಕೆಂಡ್. ಡೈರೆಕ್ಟ್‌ಸ್ಟೋರೇಜ್ ಬಳಸೋ ಗೇಮ್‌ಗಳೂ ಇನ್ನೂ ಕಮ್ಮಿನೇ. ಬಿಚ್ಚೋ ಕೆಲ್ಸ ಗ್ರಾಫಿಕ್ಸ್ ಕಾರ್ಡಿಗೆ ಕೊಟ್ರೆ ಆಟದ ಮಧ್ಯೆ ಅದಕ್ಕೂ ಹೊರೆನೇ, ಕಾರ್ಡ್ ಚಿಕ್ಕದಾದ್ರೆ ಅಲ್ಲಿ ಎಫ್‌ಪಿಎಸ್ ಕಳ್ಕೊಳ್ಬಹುದು.

ರೈಜನ್ 3600, ಬಿ450, 1650 ಸೂಪರ್, 16 ಜಿಬಿ ರಾಮ್. 500 ಜಿಬಿ ಸಾಟಾ ಎಸ್‌ಎಸ್‌ಡಿ ಫುಲ್, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ಸಾಟಾ ಮಾರಿ ಫಾಸ್ಟ್ ಜೆನ್ 4 ಹಾಕೋಣ ಅಂತಿದೀನಿ

ಸಾಟಾ ಮಾರ್ಬೇಡಿ, ಹಳೇ ಎಸ್‌ಎಸ್‌ಡಿಗೆ ಸಿಗೋದು ಕಾಸು, ಅದು ಇನ್ನೂ ವರ್ಷಗಟ್ಟಲೆ ಬಾಳತ್ತೆ. ನಿಮ್ಮ ಬೋರ್ಡ್ ಜೆನ್ 3, ಅದರ ಮೇಲೆ ಫಾಸ್ಟ್ ಜೆನ್ 4ಗೆ ಕೊಟ್ಟ ಹೆಚ್ಚುವರಿ ದುಡ್ಡು ಬಾಕ್ಸ್ ಮೇಲೇ ಉಳಿಯತ್ತೆ. ಖಾಲಿ ಇರೋ ಎಂ.2ಗೆ 1 ಟಿಬಿ ಟಿಎಲ್‌ಸಿ ಎನ್‌ವಿಎಂಇ, ಹೆಸರು ಇರೋ ಕಂಪನಿದು ಆದ್ರೆ ಡಿರಾಮ್ ಇಲ್ಲದ ಸಾಧಾರಣದ್ದೇ ಸಾಕು. ಹಾಕೋ ಮುಂಚೆ ಮ್ಯಾನ್ಯುಯಲಲ್ಲಿ ಯಾವ ಸಾಟಾ ಪೋರ್ಟ್ ಬಂದ್ ಆಗತ್ತೆ ನೋಡಿ, ಅಲ್ಲಿ ಹಾರ್ಡ್ ಡಿಸ್ಕ್ ಇದ್ರೆ ಬದಲಾಯಿಸಿ.

ವಿಂಡೋಸ್ ಹಳೇ ಎಸ್‌ಎಸ್‌ಡಿಲೇ ಇರ್ಲಿ, ಅದನ್ನ ಎತ್ತಿ ಎನ್‌ವಿಎಂಇಗೆ ಹಾಕಿದ್ರೆ ಬೂಟಲ್ಲಿ ಸಿಗೋದು ಬಿಡಿಗಾಸಿನ ಲಾಭ. ಹೊಸದಾಗಿ ವಿಂಡೋಸ್ ಹಾಕೋದೇ ಆದ್ರೆ ಉಳಿದ ಡ್ರೈವಿನ ಕೇಬಲ್ ಎಲ್ಲಾ ಕಿತ್ತಿಟ್ಟು ಹಾಕಿ, ಇಲ್ಲಾಂದ್ರೆ ಬೂಟ್ ಫೈಲ್ ಹಳೇ ಡ್ರೈವಲ್ಲಿ ಹೋಗಿ ಕೂತು, ಅದನ್ನ ತೆಗೆದ ದಿನ ಪಿಸಿ ಆನ್ ಆಗಲ್ಲ. ಗೇಮ್‌ಗಳನ್ನ ಮತ್ತೆ ಡೌನ್‌ಲೋಡ್ ಮಾಡೋದು ಬೇಡ, ಸ್ಟೀಮ್ ಸೆಟ್ಟಿಂಗ್ಸಲ್ಲಿ ಸ್ಟೋರೇಜ್‌ಗೆ ಹೋಗಿ ಹೊಸ ಡ್ರೈವ್ ಸೇರಿಸಿ, ಹಾರ್ಡ್ ಡಿಸ್ಕಲ್ಲಿರೋ ಗೇಮ್ ಟಿಕ್ ಮಾಡಿ ಮೂವ್ ಕೊಡಿ. ದೊಡ್ಡ ಓಪನ್ ವರ್ಲ್ಡ್ ಗೇಮ್‌ಗಳು ಮೊದ್ಲು ಬರ್ಲಿ, ಹಳೇ ಚಿಕ್ಕ ಗೇಮ್, ಸಿನಿಮಾ, ಫೋಟೋ ಹಾರ್ಡ್ ಡಿಸ್ಕಲ್ಲೇ ಇದ್ರೆ ಏನೂ ನಷ್ಟ ಇಲ್ಲ. ಉಳಿದ ದುಡ್ಡು 1650 ಸೂಪರ್ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸೋಕೆ ಎತ್ತಿಡಿ, ಈ ಪಿಸಿಲಿ ನಿಮ್ಮನ್ನ ನಿಜವಾಗ್ಲೂ ಕಾಯಿಸ್ತಿರೋದು ಅದು.